ಪ್ರಶ್ನೆಯ ತಲೆಬರಹ: ಹುಡುಕುವವರ ಮಾತಿನಲ್ಲಿ ಬರೆಯುವುದು ಹೇಗೆ?

ಪ್ರಶ್ನೋತ್ತರ ತಾಣದಲ್ಲಿ ಹಾಕುವ ಪ್ರಶ್ನೆಯ ತಲೆಬರಹವನ್ನು ಎರಡು ಬಗೆಯ ಜನ ಓದುತ್ತಾರೆ. ಇವತ್ತು ಉತ್ತರ ಹೇಳಬಲ್ಲವರು ಒಂದು ಬಗೆ. ಮುಂದೆ ಯಾವಾಗಲೋ ಅದೇ ತೊಂದರೆಗೆ ಸಿಕ್ಕಿಕೊಂಡು ಸರ್ಚ್ ಮಾಡುವವರು ಇನ್ನೊಂದು ಬಗೆ. ಮೊದಲಿನವರು ಪ್ರಶ್ನೆ ತೆರೆದು ವಿವರ ಓದಿಯಾರು. ಎರಡನೆಯವರ ಮುಂದೆ ಇರುವುದು ಫಲಿತಾಂಶಗಳ ಪಟ್ಟಿಯ ಒಂದು ಸಾಲು. ಅವರಿಗೆ ತೊಂದರೆಯ ಕಾರಣ ಗೊತ್ತಿಲ್ಲ. ತಾವು ಏನು ಮಾಡಿದೆವು, ಪರದೆಯ ಮೇಲೆ ಏನು ಕಂಡಿತು ಎಂಬುದಷ್ಟೇ ಗೊತ್ತು. ಅವರು ಟೈಪ್ ಮಾಡುವುದೂ ಅದನ್ನೇ. ಹಾಗಾಗಿ ತಲೆಬರಹದಲ್ಲಿ ಇರಬೇಕಾದದ್ದು ಕಾರಣವಲ್ಲ, ಲಕ್ಷಣ.

ಒಂದು ಉದಾಹರಣೆಯನ್ನೇ ಹಿಡಿದು ನೋಡೋಣ. ಎಕ್ಸೆಲ್‌ನ ಎರಡು ಶೀಟ್‌ಗಳಿವೆ. ಒಂದರಲ್ಲಿ ಸಿಬ್ಬಂದಿ ಸಂಖ್ಯೆ ಮತ್ತು ಹೆಸರು, ಇನ್ನೊಂದರಲ್ಲಿ ಸಂಖ್ಯೆ ಮಾತ್ರ. ಹೆಸರು ತರಲು ಬರೆದ ಫಾರ್ಮುಲಾ ಇದು:

```
=VLOOKUP(A2, Sheet2!A:B, 2, FALSE)
```

1042 ಎಂಬ ಸಂಖ್ಯೆ ಎರಡೂ ಶೀಟ್‌ಗಳಲ್ಲಿ ಕಣ್ಣಿಗೆ ಕಾಣುತ್ತಿದೆ. ಆದರೂ ಫಾರ್ಮುಲಾ #N/A ಎನ್ನುತ್ತದೆ.

ಮೊದಲು ವಿವರ, ಆಮೇಲೆ ತಲೆಬರಹ

ತಲೆಬರಹದ ಪೆಟ್ಟಿಗೆ ಎಲ್ಲಕ್ಕಿಂತ ಮೇಲೆ ಇರುವುದರಿಂದ ಎಲ್ಲರೂ ಅದನ್ನೇ ಮೊದಲು ತುಂಬುತ್ತಾರೆ. ಆ ಹೊತ್ತಿಗೆ ತೊಂದರೆ ಏನೆಂಬುದು ಕೇಳುವವರಿಗೇ ಸ್ಪಷ್ಟವಿರುವುದಿಲ್ಲ. ‘ದಯವಿಟ್ಟು ಸಹಾಯ ಮಾಡಿ, ಅರ್ಜೆಂಟ್’, ‘ಎಕ್ಸೆಲ್ ಫಾರ್ಮುಲಾ ಕೆಲಸ ಮಾಡುತ್ತಿಲ್ಲ’ ಎಂಬ ಸಾಲುಗಳು ಹುಟ್ಟುವುದು ಹೀಗೆ. ಮೊದಲು ವಿವರ ಬರೆದು ಮುಗಿಸಿ. ಬಳಿಕ ಅದರಿಂದಲೇ ನಾಲ್ಕು ಸಂಗತಿ ಹೆಕ್ಕಿ: ಯಾವ ಸಾಫ್ಟ್‌ವೇರ್ ಅಥವಾ ಸಾಧನ, ಅದರ ಯಾವ ಭಾಗ, ಏನು ಕಂಡಿತು, ಯಾವ ಪರಿಸ್ಥಿತಿಯಲ್ಲಿ ಕಂಡಿತು. ನಮ್ಮ ಉದಾಹರಣೆಯಲ್ಲಿ ಅವು Excel, VLOOKUP, #N/A, ಮತ್ತು ‘ಪಟ್ಟಿಯಲ್ಲಿ ಸಂಖ್ಯೆ ಇದ್ದರೂ’ ಎಂಬುದು.

ಎಲ್ಲಕ್ಕಿಂತ ಹೆಚ್ಚು ಬಿಟ್ಟುಹೋಗುವುದು ನಾಲ್ಕನೆಯದು, ಎಲ್ಲಕ್ಕಿಂತ ಬೆಲೆಯುಳ್ಳದ್ದೂ ಅದೇ. ‘VLOOKUP ನಲ್ಲಿ #N/A’ ಎಂದಷ್ಟೇ ಬರೆದರೆ, ಹುಡುಕಿದ ಸಂಖ್ಯೆ ಪಟ್ಟಿಯಲ್ಲಿ ನಿಜವಾಗಿಯೂ ಇಲ್ಲದವರೂ ಇಲ್ಲಿಗೇ ಬರುತ್ತಾರೆ. ಅವರಿಗೆ #N/A ಸರಿಯಾದ ಉತ್ತರವೇ, ಬೇಕಾಗಿರುವುದು ಅದನ್ನು ಮರೆಮಾಡುವ ದಾರಿ. ‘ಇದ್ದರೂ’ ಎಂಬ ಒಂದು ಪದ ಎರಡು ಗುಂಪುಗಳನ್ನು ಬೇರ್ಪಡಿಸುತ್ತದೆ. ಪಟ್ಟಿ ಬೇರೆ ಸಾಫ್ಟ್‌ವೇರ್‌ನಿಂದ ಬಂದದ್ದಾದರೆ ಅದನ್ನೂ ಸೇರಿಸಿ:

Excel VLOOKUP: ಬೇರೆ ಸಾಫ್ಟ್‌ವೇರ್‌ನಿಂದ ತಂದ ಪಟ್ಟಿಯಲ್ಲಿ ಸಂಖ್ಯೆ ಇದ್ದರೂ #N/A ಬರುತ್ತಿದೆ

‘ಎರರ್ ಬರುತ್ತಿದೆ’ ಎನ್ನುವುದರ ಬದಲು #N/A ಎಂದೇ ಬರೆಯಬೇಕು. ಅದೇ VLOOKUP, ಪಟ್ಟಿಯಲ್ಲಿ ಎರಡೇ ಕಾಲಂ ಇದ್ದು ಮೂರನೆಯದನ್ನು ಕೇಳಿದರೆ #REF! ಎನ್ನುತ್ತದೆ. ಎರಡರ ಪರಿಹಾರವೂ ಬೇರೆ ಬೇರೆ. ಆದರೆ ಸರ್ಚ್ ಎಂಜಿನ್‌ಗಳು # ಅಥವಾ / ನಂಥ ಚಿಹ್ನೆಗಳನ್ನು ಬಹುಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಚಿಹ್ನೆಯ ಪಕ್ಕದಲ್ಲಿ ಫಂಕ್ಷನ್‌ನ ಹೆಸರೂ ಇದ್ದರೆ ಮಾತ್ರ ಹುಡುಕಾಟಕ್ಕೆ ಹಿಡಿತ ಸಿಗುತ್ತದೆ.

ದೋಷ ಸಂದೇಶದಲ್ಲಿ ಉಳಿಸುವುದು ಯಾವುದು, ಕತ್ತರಿಸುವುದು ಯಾವುದು

ಪರದೆಯ ಮೇಲೆ ಬಂದ ಸಂದೇಶವನ್ನು ಸ್ವಂತ ಮಾತಿಗೆ ತಿರುಗಿಸದೆ ಕಾಪಿ ಮಾಡಿ ಹಾಕಬೇಕು. ಹುಡುಕುವವರೂ ಕಾಪಿ ಮಾಡಿಯೇ ಹುಡುಕುತ್ತಾರೆ. ಹಾಗೆಂದು ಇಡೀ ಸಾಲು ಬೇಡ. ಪೈಥಾನ್‌ನಲ್ಲಿ ಬರುವ ಈ ಸಂದೇಶ ನೋಡಿ:

```
PermissionError: [Errno 13] Permission denied: 'C:\\Users\\user1\\Desktop\\report.xlsx'
```

Permission denied ವರೆಗಿನ ಭಾಗ ಈ ತೊಂದರೆ ಬಂದ ಎಲ್ಲರ ಪರದೆಯಲ್ಲೂ ಒಂದೇ. ಫೈಲ್ ಎಲ್ಲಿದೆ ಎಂಬ ಉಳಿದ ಭಾಗ ಒಬ್ಬೊಬ್ಬರಿಗೆ ಒಂದೊಂದು. ಅದನ್ನು ತಲೆಬರಹದಲ್ಲಿ ಉಳಿಸಿದರೆ ಬೇರೆ ಯಾರೂ ಎಂದೂ ಟೈಪ್ ಮಾಡದ ಪದಗಳು ಜಾಗ ತಿನ್ನುತ್ತವೆ, ಜೊತೆಗೆ ನಿಮ್ಮ ಯೂಸರ್‌ನೇಮ್ ಕೂಡ ಊರಿಗೆಲ್ಲ ಗೊತ್ತಾಗುತ್ತದೆ. ಫೈಲ್‌ನ ದಾರಿ, ಸಾಲಿನ ಸಂಖ್ಯೆ, ದಿನಾಂಕ, ಸಮಯ, 0x ನಿಂದ ಶುರುವಾಗುವ ಮೆಮೊರಿ ವಿಳಾಸ ಇವೆಲ್ಲ ವಿವರದೊಳಗೆ ಇರಲಿ. ದೋಷದ ಕೋಡ್ ಮಾತ್ರ ಹಾಗಲ್ಲ. ಅದು 0x ನಿಂದ ಶುರುವಾದರೂ ಎಲ್ಲರಿಗೂ ಒಂದೇ ಆಗಿರುತ್ತದೆ, ಸಾಫ್ಟ್‌ವೇರ್‌ನ ಭಾಷೆ ಬದಲಾದರೂ ಸಾಮಾನ್ಯವಾಗಿ ಬದಲಾಗುವುದಿಲ್ಲ. ಅದನ್ನು ಉಳಿಸಿ. ಯಾವುದು ಯಾವುದೆಂದು ಅನುಮಾನ ಬಂದರೆ ಪ್ರೋಗ್ರಾಂ ಇನ್ನೊಮ್ಮೆ ಓಡಿಸಿ ನೋಡಿ: ಬದಲಾದದ್ದು ವಿಳಾಸ, ಹಾಗೇ ನಿಂತದ್ದು ಬಹುಪಾಲು ಕೋಡ್.

ಕತ್ತರಿಸಿ ಉಳಿದ ಜಾಗಕ್ಕೆ ಪರಿಸ್ಥಿತಿ ಬರಲಿ: ‘pandas to_excel: ಎರಡನೇ ಸಲ ಓಡಿಸಿದಾಗ PermissionError: [Errno 13] Permission denied’. pandas ನ to_excel ಎಂಬುದು ಪೈಥಾನ್‌ನಿಂದ ಎಕ್ಸೆಲ್ ಫೈಲ್ ಬರೆಯುವ ಫಂಕ್ಷನ್. ಮೊದಲ ಸಲದ ಫಲಿತಾಂಶ ನೋಡಲು ತೆರೆದ ಫೈಲ್ ಇನ್ನೂ ಎಕ್ಸೆಲ್‌ನಲ್ಲಿ ತೆರೆದೇ ಇರುತ್ತದೆ, ವಿಂಡೋಸ್‌ನಲ್ಲಿ ಅದರ ಮೇಲೆ ಬರೆಯಲು ಆಗುವುದಿಲ್ಲ. ಇದು ಕೇಳುವವರಿಗೆ ಗೊತ್ತಿಲ್ಲ. ‘ಎರಡನೇ ಸಲ’ ಎಂಬುದು ಗೊತ್ತಿದೆ, ಉತ್ತರ ಬಲ್ಲವರಿಗೆ ಅಷ್ಟು ಸುಳಿವು ಸಾಕು.

ಉದ್ದ, ಅಕ್ಷರ, ಪರೀಕ್ಷೆ

ಸ್ಟ್ಯಾಕ್ ಓವರ್‌ಫ್ಲೋ ತಾಣದಲ್ಲಿ ತಲೆಬರಹ 15 ರಿಂದ 150 ಅಕ್ಷರಗಳ ಒಳಗಿರಬೇಕು. ಆದರೆ ಸರ್ಚ್ ಫಲಿತಾಂಶದಲ್ಲಿ, ಮೊಬೈಲ್ ಪರದೆಯಲ್ಲಿ ಅಷ್ಟೂ ಕಾಣಿಸುವುದಿಲ್ಲ, ಕೊನೆ ಕತ್ತರಿಸಿಹೋಗುತ್ತದೆ. ಸಾಫ್ಟ್‌ವೇರ್ ಮತ್ತು ಭಾಗದ ಹೆಸರು ಮೊದಲಿಗೇ ಬರಲಿ. ಕನ್ನಡದಲ್ಲಿ ಕ್ರಿಯಾಪದ ಹೇಗೂ ಕೊನೆಗೆ ಬರುವುದರಿಂದ ತುದಿ ಕತ್ತರಿಸಿದರೂ ಹೆಸರುಗಳು ಉಳಿಯುತ್ತವೆ, ಇದು ನಮಗಿರುವ ಅನುಕೂಲ. ಪರದೆಯ ಮೇಲೆ ರೋಮನ್ ಅಕ್ಷರದಲ್ಲಿರುವ ಹೆಸರನ್ನು ಹಾಗೆಯೇ ಬರೆಯಿರಿ. ‘ವಿಲುಕಪ್’, ‘ವೀ-ಲುಕ್‌ಅಪ್’ ಎಂದು ಒಬ್ಬೊಬ್ಬರು ಒಂದೊಂದು ಥರ ಬರೆದರೆ ಒಬ್ಬರ ಪ್ರಶ್ನೆ ಇನ್ನೊಬ್ಬರಿಗೆ ಸಿಗುವುದಿಲ್ಲ.

ಪೋಸ್ಟ್ ಮಾಡುವ ಮುನ್ನ ಆ ತಲೆಬರಹವನ್ನೇ ಸರ್ಚ್‌ನಲ್ಲಿ ಹಾಕಿ. ಮೊದಲ ಪುಟದಲ್ಲಿ ನಿಮ್ಮದೇ ತೊಂದರೆಯ ಪುಟಗಳು ಬಂದರೆ ಪದಗಳು ಸರಿಯಾಗಿವೆ, ಬಹುಶಃ ಉತ್ತರವೂ ಅಲ್ಲೇ ಇದೆ. VLOOKUP ಕಲಿಸುವ ಪಾಠಗಳೇ ತುಂಬಿದ್ದರೆ ಪರಿಸ್ಥಿತಿಯ ಭಾಗ ಬಲವಾಗಿಲ್ಲ ಎಂದರ್ಥ. ಏನೂ ಬಾರದಿದ್ದರೆ ನಿಮಗೆ ಮಾತ್ರ ಸಂಬಂಧಿಸಿದ ಪದ ಎಲ್ಲೋ ಉಳಿದಿರಬಹುದು, ತೆಗೆದು ಮತ್ತೆ ನೋಡಿ.

ಉತ್ತರ ಸಿಕ್ಕ ಮೇಲೆ

ನಮ್ಮ ಎಕ್ಸೆಲ್ ತೊಂದರೆಗೆ ಕಾರಣ, ಒಂದು ಶೀಟ್‌ನ 1042 ಸಂಖ್ಯೆಯಾಗಿದ್ದು ಇನ್ನೊಂದರದು ಪಠ್ಯವಾಗಿದ್ದದ್ದು. ಎಕ್ಸೆಲ್ ಎರಡನ್ನೂ ಒಂದೇ ಎಂದು ಒಪ್ಪುವುದಿಲ್ಲ. ಪಠ್ಯವಾದ ಸಂಖ್ಯೆಗಳು ಸಾಮಾನ್ಯವಾಗಿ ಸೆಲ್‌ನ ಎಡಕ್ಕೆ ಸರಿದಿರುತ್ತವೆ, ಮೂಲೆಯಲ್ಲಿ ಪುಟ್ಟ ಹಸಿರು ತ್ರಿಕೋನ ಇರುತ್ತದೆ. A2 ಪಠ್ಯವಾಗಿದ್ದರೆ ಫಾರ್ಮುಲಾದಲ್ಲಿ A2 ಬದಲು VALUE(A2) ಎಂದರೆ ಸರಿಹೋಗುತ್ತದೆ.

ಇಲ್ಲಿ ಬಹಳ ಜನ ಉತ್ಸಾಹದಿಂದ ತಲೆಬರಹವನ್ನು ‘ಪಠ್ಯವಾಗಿರುವ ಸಂಖ್ಯೆಯನ್ನು ಬದಲಿಸುವುದು ಹೇಗೆ’ ಎಂದು ತಿದ್ದುತ್ತಾರೆ. ಆಗ ಅದು ಕಾರಣ ಗೊತ್ತಿರುವವರಿಗೆ ಮಾತ್ರ ಸಿಗುತ್ತದೆ, #N/A ನೋಡಿ ಕಂಗಾಲಾದವರಿಗೆ ಸಿಗುವುದೇ ಇಲ್ಲ. ಲಕ್ಷಣದ ತಲೆಬರಹವನ್ನು ಹಾಗೇ ಬಿಟ್ಟು ಕಾರಣವನ್ನು ಉತ್ತರದ ಮೊದಲ ಸಾಲಿನಲ್ಲಿ ಬರೆಯುವುದು ಒಳ್ಳೆಯದು. ‘ಪರಿಹಾರವಾಗಿದೆ’ ಎಂದು ಮುಂದೆ ಸೇರಿಸುವುದೂ ಬೇಡ, ಅದು ಅಮೂಲ್ಯವಾದ ಮೊದಲ ಪದಗಳ ಜಾಗವನ್ನು ನುಂಗುತ್ತದೆ. ತಾಣದಲ್ಲಿ ಉತ್ತರ ಒಪ್ಪಿದ ಗುರುತು ಹಾಕುವ ಸೌಲಭ್ಯವಿದ್ದರೆ ಅದನ್ನು ಬಳಸಿ.

ಇದೇ ತೊಂದರೆಯನ್ನು ಇನ್ನೊಬ್ಬರು ‘MATCH ಫಂಕ್ಷನ್ ಸಂಖ್ಯೆಯನ್ನು ಹುಡುಕುತ್ತಿಲ್ಲ’ ಎಂದು ಕೇಳಿದ್ದರೆ ಅದನ್ನು ಅಳಿಸಿಹಾಕಬೇಡಿ. ಹಳೆಯ ಪ್ರಶ್ನೆಗೆ ಲಿಂಕ್ ಕೊಟ್ಟು ಮುಚ್ಚಿದರೆ ಸಾಕು. VLOOKUP ಬಳಸದವರು ಆ ತಲೆಬರಹದ ಮೂಲಕವೇ ಅದೇ ಉತ್ತರಕ್ಕೆ ಬಂದು ತಲುಪುತ್ತಾರೆ.