ರೀಫಂಡ್ ಗಡುವು ದಾಟಿದ ಮೇಲೆ ಕೋರ್ಸ್ ಫೀಸು ವಾಪಸ್ ಕೇಳುವುದು ಹೇಗೆ?

"ಕ್ಷಮಿಸಿ, ನಿಮ್ಮ ರೀಫಂಡ್ ಅವಧಿ ಮುಗಿದಿದೆ." ಆನ್‌ಲೈನ್ ಕೋರ್ಸ್ ಕಂಪನಿಯಿಂದ ಈ ಒಂದು ಸಾಲು ಬಂದ ಕೂಡಲೇ ಹೆಚ್ಚಿನವರು ಹೋದರೆ ಹೋಗಲಿ ಎಂದು ಕೈಬಿಡುತ್ತಾರೆ. ಉಳಿದವರು ಚಾಟ್‌ನಲ್ಲಿ ಸಿಕ್ಕಿದ ಹುಡುಗನಿಗೆ ಬೈದು, ಕೋರ್ಟು ತೋರಿಸುತ್ತೇನೆ ಎಂದು ಸವಾಲು ಹಾಕುತ್ತಾರೆ. ಎರಡರಿಂದಲೂ ಲಾಭ ಕಂಪನಿಗೇ. ಚಾಟ್‌ನಲ್ಲಿರುವ ಹುಡುಗನಿಗೆ ಗಡುವು ದಾಟಿದ ಹಣವನ್ನು ಮಂಜೂರು ಮಾಡುವ ಅಧಿಕಾರವೇ ಇರುವುದಿಲ್ಲ. ಅಧಿಕಾರ ಇರುವವರು ಓದುವ ಹೊತ್ತಿಗೆ ಕಡತದಲ್ಲಿ ನಿಮ್ಮ ಬೈಗುಳ ಮಾತ್ರ ಉಳಿದಿರುತ್ತದೆ.

ಒಂದು ಉದಾಹರಣೆ ಹಿಡಿದುಕೊಂಡೇ ಹೋಗೋಣ. ಉಡುಪಿಯಲ್ಲಿ ಅಕೌಂಟ್ಸ್ ಕೆಲಸ ಮಾಡುವ ಒಬ್ಬರು ಡೇಟಾ ಅನಾಲಿಟಿಕ್ಸ್ ಕೋರ್ಸಿಗೆ ಸೇರಿದರು ಎಂದಿಟ್ಟುಕೊಳ್ಳಿ. ಫೀಸು 40,000 ರೂಪಾಯಿ, ಶೇ 18 ಜಿಎಸ್‌ಟಿ 7,200, ಒಟ್ಟು 47,200. ಶನಿವಾರ, ಭಾನುವಾರ ಒಂದೊಂದರಂತೆ ಆರು ತಿಂಗಳಲ್ಲಿ 48 ಲೈವ್ ಕ್ಲಾಸು ಎಂದು ಜಾಹೀರಾತು ಹೇಳಿತ್ತು. ಜೂನ್ 2ಕ್ಕೆ ಹಣ ಕಟ್ಟಿದರು. ರೀಫಂಡ್ ಗಡುವು ಹಣ ಕಟ್ಟಿದ ದಿನದಿಂದ ಏಳು ದಿನ, ಅಂದರೆ ಜೂನ್ 9. ಮೊದಲ ಕ್ಲಾಸು ನಡೆದದ್ದು ಜೂನ್ 13ಕ್ಕೆ. ತಿಂಗಳ ಕೊನೆಗೆ ಆರು ಕ್ಲಾಸು ಮುಗಿದವು, ಅದರಲ್ಲಿ ನಾಲ್ಕು ಹಳೆಯ ರೆಕಾರ್ಡಿಂಗ್. ಪ್ರಶ್ನೆ ಕೇಳಲು ಎದುರಿಗೆ ಯಾರೂ ಇರಲಿಲ್ಲ. ಹಣ ಕೇಳಿದರೆ ಮೇಲಿನ ಉತ್ತರ ಬಂತು.

ಮೊದಲ ಕೆಲಸ ದಾಖಲೆ ತೆಗೆದಿಡುವುದು. ರಸೀದಿ, ಜಾಹೀರಾತಿನ ಪುಟ, ರೀಫಂಡ್ ನಿಯಮದ ಪುಟ, ಕ್ಲಾಸಿನ ವೇಳಾಪಟ್ಟಿ, ಸೇಲ್ಸ್‌ನವರ ವಾಟ್ಸಾಪ್ ಮಾತು, ಎಲ್ಲವನ್ನೂ ತಾರೀಕು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ದೂರು ಕೊಟ್ಟ ಮೇಲೆ ತೆಗೆಯೋಣ ಎಂದರೆ ಅಷ್ಟರೊಳಗೆ ಪುಟದ ಮಾತು ಬದಲಾಗಿರಬಹುದು, ನಿಮ್ಮ ಲಾಗಿನ್ನೂ ನಿಂತಿರಬಹುದು.

ಮುಂದಿನದು ವಾದ ಆರಿಸುವುದು. ಎಡವುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡಬೇಕು.

ಗಡುವು ಇರುವುದು ಮನಸ್ಸು ಬದಲಾಯಿಸುವವರಿಗೆ. ಆಫೀಸಿನಲ್ಲಿ ಕೆಲಸ ಹೆಚ್ಚಾಯಿತು, ಕೋರ್ಸು ಕಷ್ಟ ಅನ್ನಿಸಿತು, ಅಣ್ಣ ಬೇರೆ ಕೋರ್ಸು ಹೇಳಿದ ಎಂಬ ಕಾರಣಗಳಿಗೆ ಗಡುವಿನ ನಂತರ ಕಂಪನಿ ಹಣ ಕೊಡಬೇಕಾಗಿಲ್ಲ. ಜೂನ್ ಮಳೆಗೆ ಕಾರ್ಕಳದಲ್ಲಿ ಎರಡು ದಿನ ಕರೆಂಟು ಇರಲಿಲ್ಲ ಎಂಬುದೂ ಅವರ ತಪ್ಪಲ್ಲ, ಅದನ್ನು ಪತ್ರದಲ್ಲಿ ತರಲೇಬೇಡಿ. ನಿಮ್ಮದು ಇಂಥ ಕಾರಣವಾದರೆ ಹಕ್ಕಿನ ಮಾತು ಬಿಟ್ಟು, ಮುಂದಿನ ಬ್ಯಾಚಿಗೆ ವರ್ಗಾಯಿಸಿ ಎಂದು ಕೇಳುವುದೇ ಸರಿ. ಕಂಪನಿಯ ಜೇಬಿನಿಂದ ಹಣ ಹೊರಗೆ ಹೋಗುವುದಿಲ್ಲವಾದ್ದರಿಂದ ಇದಕ್ಕೆ ಒಪ್ಪುವುದು ಅವರಿಗೆ ಸುಲಭ.

ಹೇಳಿದ್ದನ್ನು ಕೊಡದಿದ್ದರೆ ಮಾತು ಬೇರೆ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ಸೇವೆಯಲ್ಲಿ ಕೊರತೆಯಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದ ಲಕ್ಷಣಗಳು ಅದರಲ್ಲಿ ಇಲ್ಲದಿದ್ದರೆ ಮಾರಿದವರು ಹಣ ವಾಪಸಾತಿ ನಿರಾಕರಿಸುವಂತಿಲ್ಲ. ನಮ್ಮ ಉದಾಹರಣೆಯಲ್ಲಿ ಮುಖ್ಯ ವಾದ ಇದೇ: ಲೈವ್ ಎಂದು ಮಾರಿದ ಆರರಲ್ಲಿ ನಾಲ್ಕು ಕ್ಲಾಸು ಲೈವ್ ಆಗಿರಲಿಲ್ಲ. ಎರಡನೆಯ ವಾದ ಇದಕ್ಕೆ ಆಸರೆ: ಗಡುವು ಮುಗಿದದ್ದು ಜೂನ್ 9ಕ್ಕೆ, ಮೊದಲ ಕ್ಲಾಸು 13ಕ್ಕೆ. ಕೋರ್ಸು ಹೇಗಿದೆ ಎಂದು ನೋಡುವ ಅವಕಾಶ ಸಿಗುವ ಮೊದಲೇ ಅದನ್ನು ತಿರಸ್ಕರಿಸುವ ಅವಕಾಶ ಮುಗಿದಿತ್ತು. ಈ ಎರಡನೆಯದನ್ನು ಮಾತ್ರ ಹಿಡಿದು ಹೊರಟರೆ "ನಿಯಮ ಓದಿಯೇ ಒಪ್ಪಿದ್ದೀರಿ" ಎಂಬ ಉತ್ತರ ಬರುತ್ತದೆ. ಮೊದಲನೆಯದರ ಜೊತೆ ಸೇರಿಸಿದರೆ ಗಟ್ಟಿ ನಿಲ್ಲುತ್ತದೆ. ಮೂರನೆಯ ವಾದ ಹುಡುಕಬೇಡಿ. ಹತ್ತು ದೂರು ಪೋಣಿಸಿದರೆ ಕಂಪನಿ ಅದರಲ್ಲಿ ತೀರ ದುರ್ಬಲವಾದದ್ದಕ್ಕೆ ಮಾತ್ರ ಉತ್ತರ ಬರೆದು ಟಿಕೆಟ್ ಮುಚ್ಚುತ್ತದೆ.

ಎಷ್ಟು ಕೇಳಬೇಕು? ಪೂರ್ತಿ ಹಣ ಕೇಳಬಹುದು, ಆದರೆ ಬಳಸಿದ ಕ್ಲಾಸು ಕಳೆದು ಕೇಳುವುದೇ ಒಳ್ಳೆಯದು. 48ರಲ್ಲಿ 6 ಅಂದರೆ ಶೇ 12.5. 40,000ದಲ್ಲಿ 5,000, ಅದರ ಜಿಎಸ್‌ಟಿ 900. ಈ 5,900 ಕಳೆದರೆ 41,300. ಲೆಕ್ಕ ಹೀಗೆ ಎದುರಿಗೆ ಇಟ್ಟಾಗ ನಿರಾಕರಿಸುವವರೂ ಲೆಕ್ಕದಲ್ಲೇ ಉತ್ತರ ಕೊಡಬೇಕಾಗುತ್ತದೆ. "ಜಿಎಸ್‌ಟಿ ಸರ್ಕಾರಕ್ಕೆ ಹೋಗಿದೆ, ಅದು ಬರುವುದಿಲ್ಲ" ಎಂಬ ಮಾತು ಬಂದೇ ಬರುತ್ತದೆ. ಕಂಪನಿ ಬಿಲ್ಲಿನ ಮೊತ್ತ ಇಳಿಸುವ ಕ್ರೆಡಿಟ್ ನೋಟ್ ಹೊರಡಿಸಿ ತನ್ನ ತೆರಿಗೆಯಲ್ಲಿ ಅದನ್ನು ಸರಿಹೊಂದಿಸಿಕೊಳ್ಳಬಹುದು. ಬಿಲ್ಲಿನ ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರ ತನಕ ಅದಕ್ಕೆ ಸಮಯವಿದೆ. ಇದನ್ನು ಒಂದೇ ಸಾಲಿನಲ್ಲಿ ನೆನಪಿಸಿದರೆ ಸಾಕು.

ಇನ್ನು ಪತ್ರ. ಫೋನ್ ಬೇಡ, ಇಮೇಲ್ ಮಾತ್ರ. ಫೋನಿನಲ್ಲಿ "ನೋಡುತ್ತೇವೆ ಸರ್" ಎಂದದ್ದು ಎಲ್ಲಿಯೂ ದಾಖಲಾಗುವುದಿಲ್ಲ. ಅವರೇ ಫೋನ್ ಮಾಡಿದರೆ ಮಾತು ಮುಗಿದ ಅರ್ಧ ಗಂಟೆಯೊಳಗೆ "ನೀವು ಹೇಳಿದ್ದು ಇಷ್ಟು" ಎಂದು ಅದೇ ಇಮೇಲ್ ಸರಣಿಯಲ್ಲಿ ಬರೆದುಹಾಕಿ. ಪ್ರತಿಸಲ ಹೊಸ ಇಮೇಲ್ ಹೊರಡಿಸಿದರೆ ಹೊಸ ಟಿಕೆಟ್ ಹುಟ್ಟುತ್ತದೆ, ಹಳೆಯ ದಿನಗಳ ಲೆಕ್ಕ ಹೋಗುತ್ತದೆ. ಪತ್ರವನ್ನು ಇಂಗ್ಲಿಷಿನಲ್ಲಿ ಬರೆಯಬೇಕಾಗಿ ಬಂದರೂ ಧಾಟಿ ಹೀಗಿರಲಿ:

"ಜೂನ್ 2ರಂದು 47,200 ರೂ. ಕಟ್ಟಿ ಸೇರಿದ್ದೇನೆ. 48 ಲೈವ್ ಕ್ಲಾಸು ಎಂದು ನಿಮ್ಮ ಪುಟದಲ್ಲಿತ್ತು (ಚಿತ್ರ 1). ಜೂನ್ 13ರಿಂದ 28ರವರೆಗಿನ ಆರು ಕ್ಲಾಸುಗಳಲ್ಲಿ ನಾಲ್ಕು ರೆಕಾರ್ಡಿಂಗ್ ಆಗಿದ್ದವು (ಚಿತ್ರ 2ರಿಂದ 5). ಏಳು ದಿನದ ಗಡುವು ಮೊದಲ ಕ್ಲಾಸಿಗಿಂತ ಮೊದಲೇ ಮುಗಿದಿತ್ತು. ನಡೆದ ಆರು ಕ್ಲಾಸಿನ ಶುಲ್ಕ ಕಳೆದು 41,300 ರೂ. ಹಿಂತಿರುಗಿಸಲು ಕೋರುತ್ತೇನೆ. ನಿಮ್ಮ ಮಟ್ಟದಲ್ಲಿ ತೀರ್ಮಾನಿಸಲು ಆಗದಿದ್ದರೆ ಇದನ್ನು ಕುಂದುಕೊರತೆ ಅಧಿಕಾರಿಗೆ ಕಳುಹಿಸಿ, ಟಿಕೆಟ್ ಸಂಖ್ಯೆ ತಿಳಿಸಿ."

ಇದರಲ್ಲಿ ಮೋಸ, ವಂಚನೆ, ದರೋಡೆ ಎಂಬ ಮಾತುಗಳಿಲ್ಲ, ಗಮನಿಸಿ. ನಾಳೆ ಈ ಪತ್ರ ಓದುವವರು ಕಂಪನಿಯ ಮ್ಯಾನೇಜರ್ ಇರಬಹುದು, ಗ್ರಾಹಕ ಆಯೋಗದ ಅಧ್ಯಕ್ಷರೂ ಇರಬಹುದು. ಇಬ್ಬರಿಗೂ ಬೇಕಾದದ್ದು ತಾರೀಕು ಮತ್ತು ಮೊತ್ತ.

ಚಾಟ್‌ನವರಿಂದ ಮತ್ತೆ ಅದೇ ಉತ್ತರ ಬಂದರೆ ಅದನ್ನೇ ಸೇರಿಸಿ ಕುಂದುಕೊರತೆ ಅಧಿಕಾರಿಗೆ ಕಳುಹಿಸಿ. ಅವರ ಹೆಸರು, ಹುದ್ದೆ, ಸಂಪರ್ಕ ವಿವರ ಕಂಪನಿಯ ಜಾಲತಾಣದಲ್ಲಿ ಇರಲೇಬೇಕು, ಹೆಚ್ಚಾಗಿ ಪುಟದ ತೀರ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ. ದೂರು ಸಿಕ್ಕಿದ್ದನ್ನು ಅವರು 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಕರೆ ಮಾಡುವ ಅಡ್ಡದಾರಿ ಮಾತ್ರ ಬೇಡ. ನಕಲಿ ನಂಬರುಗಳು ಅಲ್ಲಿ ಧಾರಾಳ. "ರೀಫಂಡ್ ಕೊಡುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ" ಎಂದವರ ಕೈಗೆ ಉಳಿದ ಹಣವೂ ಹೋಗುತ್ತದೆ. ಕಮಿಷನ್ ತೆಗೆದುಕೊಂಡು ಹಣ ತೆಗೆಸಿಕೊಡುವ ಏಜೆಂಟರೂ ಬೇಡ. ಅವರು ಬರೆಯುವ ಪತ್ರ ನೀವೂ ಬರೆಯಬಹುದಾದದ್ದೇ.

ತಿಂಗಳು ಕಳೆದರೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ: 1915ಕ್ಕೆ ಕರೆ, ಇಲ್ಲವೇ consumerhelpline.gov.in. ಸಹಾಯವಾಣಿ ಆದೇಶ ಕೊಡುವ ಸಂಸ್ಥೆಯಲ್ಲ, ದೂರನ್ನು ಕಂಪನಿಗೆ ಕಳುಹಿಸಿ ಉತ್ತರ ಕೇಳುತ್ತದೆ ಅಷ್ಟೆ. ಆದರೆ ಆ ದೂರು ಕಂಪನಿಯಲ್ಲಿ ಬೇರೆಯೇ ಮೇಜಿಗೆ ಹೋಗುವುದರಿಂದ ಅಲ್ಲಿಯೇ ಇತ್ಯರ್ಥವಾಗುವುದೂ ಉಂಟು.

ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. "ಎಲ್ಲ ವ್ಯಾಜ್ಯಗಳೂ ದೆಹಲಿ ವ್ಯಾಪ್ತಿಗೆ" ಎಂದು ನಿಯಮಾವಳಿಯಲ್ಲಿ ಬರೆದಿದ್ದರೆ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರರು ವಾಸವಿರುವ ಅಥವಾ ಕೆಲಸ ಮಾಡುವ ಊರಿನಲ್ಲೇ ದೂರು ಕೊಡಬಹುದು, ಹಾಗಾಗಿ ಉಡುಪಿಯವರಿಗೆ ಉಡುಪಿ, ಮಂಗಳೂರಿನವರಿಗೆ ಮಂಗಳೂರು. ದೂರನ್ನು e-jagriti.gov.in ಮೂಲಕ ಸಲ್ಲಿಸಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಕಾಲಮಿತಿ ಎರಡು ವರ್ಷ. ದೂರಿನಲ್ಲಿ "ಸೇವಾ ನ್ಯೂನತೆ" ಎಂದೇ ಬರೆಯಿರಿ. "ಒಪ್ಪಂದದ ಷರತ್ತೇ ಅನ್ಯಾಯ" ಎಂದು ಬರೆಯಬೇಡಿ, ಏಕೆಂದರೆ ಅನ್ಯಾಯದ ಒಪ್ಪಂದದ ದೂರುಗಳನ್ನು ಕೇಳುವುದು ಜಿಲ್ಲಾ ಆಯೋಗವಲ್ಲ, ರಾಜ್ಯ ಆಯೋಗ. ಅಲ್ಲಿಗೆ ಹೋಗಬೇಕಾಗಿ ಬಂದರೆ ಬೆಂಗಳೂರಿನ ಓಡಾಟ. "ಶಿಕ್ಷಣ ಸೇವೆಯೇ ಅಲ್ಲ, ಗ್ರಾಹಕ ಕಾಯ್ದೆ ಅದಕ್ಕೆ ಅನ್ವಯಿಸುವುದಿಲ್ಲ" ಎಂಬ ವಾದ ಎದುರಿನಿಂದ ಬಂದರೆ, ಕೋಚಿಂಗ್ ಸಂಸ್ಥೆಗಳು ಆ ವಿನಾಯಿತಿಯಲ್ಲಿ ಬರುವುದಿಲ್ಲ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರಲ್ಲಿ ಹೇಳಿದೆ. ವಿಶ್ವವಿದ್ಯಾಲಯದ ಆನ್‌ಲೈನ್ ಪದವಿಗೆ ಸೇರಿದವರಿಗೆ ಮಾತ್ರ ಈ ದಾರಿ ಸುಲಭವಲ್ಲ, ಅವರು ವಿಶ್ವವಿದ್ಯಾಲಯದ ಶುಲ್ಕ ನಿಯಮದಿಂದಲೇ ಆರಂಭಿಸಬೇಕು.

ನಡುವೆ ಒಂದು ಗುಂಡಿ ಇದೆ. "ನೋ ಕಾಸ್ಟ್ ಇಎಂಐ" ಎಂದು ಸೇರಿದವರಲ್ಲಿ ಹಲವರು ನಿಜವಾಗಿ ಸಾಲ ತೆಗೆದಿರುತ್ತಾರೆ. ಕೋರ್ಸ್ ಕಂಪನಿಗೆ ಹಣ ಪೂರ್ತಿ ಸಂದಾಯವಾಗಿರುತ್ತದೆ, ನೀವು ಕಂತು ಕಟ್ಟುವುದು ಸಾಲ ಕೊಟ್ಟ ಹಣಕಾಸು ಸಂಸ್ಥೆಗೆ. ಸಿಟ್ಟಿನಲ್ಲಿ ಕಂತು ನಿಲ್ಲಿಸಿದರೆ ಕೋರ್ಸ್ ಕಂಪನಿಗೆ ಏನೂ ಆಗುವುದಿಲ್ಲ, ಸಿಬಿಲ್ ಅಂಕ ಇಳಿಯುವುದು ನಿಮ್ಮದು. ದೂರಿನ ಪ್ರತಿಯನ್ನು ಸಾಲ ಕೊಟ್ಟವರಿಗೂ ಕಳುಹಿಸಿ, ಇತ್ಯರ್ಥವಾಗುವವರೆಗೆ ಕಂತು ಕಟ್ಟುತ್ತಿರಿ.

ಕೊನೆಗೆ ಕಂಪನಿ ರಾಜಿಗೆ ಬಂದು 41,300ರ ಬದಲು 30,000 ಕೊಡುತ್ತೇವೆ ಎನ್ನಬಹುದು. ಒಪ್ಪುವುದಾದರೆ ಒಪ್ಪಿ, ಆದರೆ ಮೊತ್ತ, ಹಣ ಬರುವ ತಾರೀಕು, ಯಾವ ಖಾತೆಗೆ ಎಂಬ ಮೂರೂ ಇಮೇಲ್‌ನಲ್ಲಿ ಬಂದ ಮೇಲೆಯೇ "ಒಪ್ಪಿದ್ದೇನೆ" ಎಂದು ಬರೆಯಿರಿ. ಕೋರ್ಸಿನ ವ್ಯಾಲೆಟ್‌ಗೆ ಪಾಯಿಂಟ್ ಹಾಕುವುದು ರೀಫಂಡ್ ಅಲ್ಲ. ಸಾಲದಲ್ಲಿ ಸೇರಿದ್ದರೆ ಹಣ ಸಾಲದ ಖಾತೆಗೆ ಹೋಗುತ್ತದೆ. ಉಳಿದ ಬಾಕಿ ಕಟ್ಟಿ ಮುಗಿಸಿ, ಸಾಲ ಮುಕ್ತಾಯದ ಪತ್ರ ಕೈಗೆ ಬಂದ ಮೇಲೆ ಸಿಬಿಲ್ ವರದಿಯಲ್ಲಿ ಖಾತೆ "ಮುಚ್ಚಿದೆ" ಎಂದು ಕಾಣುತ್ತಿದೆಯೇ ಎಂದು ಒಂದೆರಡು ತಿಂಗಳು ಬಿಟ್ಟು ನೋಡಿಕೊಳ್ಳಿ.