ಕರಿಬೇವಿನ ಬೀಜ ಮಾರೋರಿಗೆ ಒಂದು ಸಲಹೆ

ಕರಿಬೇವಿನ ಬೀಜ ಒಣಗಿಸಿ ಕವರಿಗೆ ಹಾಕ್ಬೇಡಿ, ಕಪ್ಪಗೆ ಹಣ್ಣಾಗಿರೋದನ್ನ ಕಿತ್ತು ಅಂಟು ತಿರುಳೆಲ್ಲ ತೊಳೆದು ಅವತ್ತೇ ಒದ್ದೆ ಕೋಕೋಪೀಟಲ್ಲಿ ಪ್ಯಾಕ್ ಮಾಡಿ, ಲಿಸ್ಟಿಂಗಲ್ಲಿ ಹಣ್ಣು ಕಿತ್ತ ತಾರೀಖು ತಪ್ಪದೆ ಹಾಕಿ. ಯಾಕಂದ್ರೆ ಇದು ರಾಗಿ, ಟೊಮ್ಯಾಟೊ ಬೀಜದ ಥರ ಅಲ್ಲ, ಒಣಗಿದ್ರೆ ಒಳಗಿನ ಹಸಿರು ಬೇಳೆ ಸುಕ್ಕಾಗಿ ಸತ್ತೇ ಹೋಗುತ್ತೆ, ಆಮೇಲೆ ಎಷ್ಟು ನೆನೆಸಿದ್ರೂ ಮೊಳೆಯಲ್ಲ. ಕೋಕೋಪೀಟ್ ಹಿಂಡಿದ್ರೆ ನೀರು ತೊಟ್ಟಿಕ್ಕಬಾರದು, ಕವರಿಗೆ ಪಿನ್ನಲ್ಲಿ ನಾಲ್ಕು ತೂತು ಸಾಕು. ಮೊಳಕೆಗೆ ಎರಡು ಮೂರು ವಾರ, ಕೆಲವಕ್ಕೆ ಇನ್ನೂ ಜಾಸ್ತಿ ಬೇಕು, ಅರ್ಧ ಇಂಚು ಆಳ, ನೆರಳು ಅಂತ ಬರೆದುಬಿಡಿ, ಇಲ್ದಿದ್ರೆ ಪಾಪ ತಗೊಂಡೋರು ಎಂಟೇ ದಿನಕ್ಕೆ ಕೆದಕಿ ನೋಡ್ತಾರೆ. ಮಳೆಗಾಲದಲ್ಲಿ ಹಣ್ಣಾದಾಗಲೇ ಕಳಿಸಿ. ಪಾರ್ಸೆಲ್ ವಾರಕ್ಕಿಂತ ಜಾಸ್ತಿ ದಾರೀಲಿ ಉಳಿಯೋ ಊರಿಗಾದ್ರೆ ಇದು ನಡೆಯಲ್ಲ, ಬೂಷ್ಟು ಬರುತ್ತೆ ಇಲ್ಲಾ ಒಳಗೇ ಬೇರು ಬಿಟ್ಟು ಮುರಿಯುತ್ತೆ, ಅಂಥೋರಿಗೆ ಸಣ್ಣ ಗಿಡನೇ ಕೊಡಿ.