ಶಟರ್ ಎಷ್ಟು ಏಳುತ್ತದೆ ನೋಡಿ: ಡೊಂಬಿವಲಿಯ ಚಿಕ್ಕ ಮನೆಗೆ ಎಕ್ಸಾಸ್ಟ್ ಫ್ಯಾನ್

ಡೊಂಬಿವಲಿಯಲ್ಲಿ ನಾವು ಕೊಂಡ ಒನ್ ಬಿಎಚ್‌ಕೆ ಹಳೆಯದು. ಬಾತ್‌ರೂಮಿನಲ್ಲಿ ಎಕ್ಸಾಸ್ಟ್ ಫ್ಯಾನ್ ಆಗಲೇ ಇತ್ತು. ಗಾಜಿನ ಪಟ್ಟಿಗಳ ಕಿಟಕಿಯಲ್ಲಿ ಮೇಲಿನ ಪಟ್ಟಿಗಳನ್ನು ತೆಗೆದು, ಆ ಜಾಗದಲ್ಲಿ 6 ಇಂಚಿನ ಫ್ಯಾನ್ ಕೂರಿಸಿದ್ದರು. ಮುಂಬೈ ಕಡೆ ಬಹಳ ಮನೆಗಳಲ್ಲಿ ಹೀಗೇ ಇರುತ್ತದೆ. ಸದ್ದು ಜೋರಾಗಿಯೇ ಬರುತ್ತಿತ್ತು, ಆದರೆ ಸ್ನಾನ ಮುಗಿದು ಎಷ್ಟೋ ಹೊತ್ತಾದರೂ ಕನ್ನಡಿ ಮೇಲಿನ ಹಬೆ ಆರುತ್ತಿರಲಿಲ್ಲ. 'ಇದು ಚಿಕ್ಕದು, 10 ಇಂಚಿನದು ಹಾಕಿ' ಅಂದರು ಎಲೆಕ್ಟ್ರಿಷಿಯನ್.

ನನಗೆ ಅನುಮಾನ. ಬಾತ್‌ರೂಮ್ 6 ಅಡಿಗೆ 4 ಅಡಿ, ಮೇಲೆ ಅಟ್ಟ ಇರುವುದರಿಂದ ಎತ್ತರ 7 ಅಡಿ. ಅಂದರೆ 168 ಘನ ಅಡಿ, 5 ಘನ ಮೀಟರಿಗೂ ಕಡಿಮೆ. ಗಂಟೆಗೆ 15 ಸಲ ಒಳಗಿನ ಗಾಳಿ ಪೂರ್ತಿ ಬದಲಾಗಲಿ ಅಂದುಕೊಂಡರೂ ಬೇಕಾದದ್ದು 75 ಘನ ಮೀಟರ್. 6 ಇಂಚಿನ ಫ್ಯಾನ್ ಅದರ ಎರಡರಷ್ಟಕ್ಕಿಂತ ಜಾಸ್ತಿ ಎಳೆಯಬಲ್ಲದು. ಹಾಗಾದರೆ ತೊಂದರೆ ಗಾತ್ರದ್ದಲ್ಲ.

ಒಂದು ಊದುಬತ್ತಿ ಹಚ್ಚಿ ನೋಡಿದೆ. ಬಾಗಿಲ ಹತ್ತಿರ ಹಿಡಿದರೆ ಹೊಗೆ ಅಲ್ಲಾಡದೆ ನೆಟ್ಟಗೆ ಮೇಲೆ ಹೋಗುತ್ತಿತ್ತು. ಫ್ಯಾನಿನ ಕೆಳಗಿದ್ದ ಗಾಜಿನ ಪಟ್ಟಿಗಳ ಹತ್ತಿರ ಹಿಡಿದರೆ ಹೊಗೆ ಒಳಕ್ಕೆ ತಳ್ಳಿಸಿಕೊಂಡು ಬಂದು, ಹಾಗೇ ತಿರುಗಿ ಫ್ಯಾನಿಗೆ ಸೇರುತ್ತಿತ್ತು. ಅಂದರೆ ಫ್ಯಾನ್ ಕಿಟಕಿಯಾಚೆಯ ಡಕ್ಟಿನ ಗಾಳಿಯನ್ನೇ ಪಕ್ಕದ ಸಂದಿಯಿಂದ ಎಳೆದು ಮತ್ತೆ ಡಕ್ಟಿಗೇ ಬಿಸಾಡುತ್ತಿತ್ತು. ಒಳಗಿನ ಹಬೆಯನ್ನು ಮುಟ್ಟುತ್ತಲೇ ಇರಲಿಲ್ಲ.

ಫ್ಯಾನ್ ಬದಲಿಸಲಿಲ್ಲ. ಉಳಿದ ಗಾಜಿನ ಪಟ್ಟಿಗಳ ಜಾಗಕ್ಕೆ ಒಂದೇ ಅಕ್ರಿಲಿಕ್ ಶೀಟ್ ಹಾಕಿ ಸುತ್ತ ಸಿಲಿಕೋನ್ ಬಳಿದೆ. ಬಡಗಿಯವರಿಗೆ ಹೇಳಿ ಬಾಗಿಲ ಕೆಳಗೆ ಮುಕ್ಕಾಲು ಇಂಚು ಕೊಯ್ಸಿದೆ. ಈಗ ಗಾಳಿ ಬಾಗಿಲ ಕೆಳಗಿನಿಂದ ನುಗ್ಗಿ, ಇಡೀ ಬಾತ್‌ರೂಮ್ ದಾಟಿ, ಎದುರು ಗೋಡೆಯ ಮೇಲ್ಭಾಗದಿಂದ ಹೊರಗೆ ಹೋಗುತ್ತದೆ. ಅದೇ ಫ್ಯಾನ್, ಕನ್ನಡಿ ಬೇಗ ಆರುತ್ತದೆ. ಒಂದು ಎಚ್ಚರಿಕೆ ಮಾತ್ರ: ನಿಮ್ಮ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಈ ಕೆಲಸ ಮಾಡಬೇಡಿ. ಕಿಟಕಿ ಮುಚ್ಚಿ ಫ್ಯಾನ್ ಎಳೆಯಲು ಶುರುಮಾಡಿದರೆ ಗೀಸರಿನ ವಿಷದ ಹೊಗೆ ಹೊರಗೆ ಹೋಗದೆ ಒಳಕ್ಕೇ ತಿರುಗಬಹುದು. ಮೊದಲು ಗೀಸರನ್ನು ಹೊರಗೆ ಹಾಕಿಸಿ. ನಮ್ಮದು ಕರೆಂಟಿನದು.

ಅಡುಗೆಮನೆಗೆ ಫ್ಯಾನೇ ಇರಲಿಲ್ಲ. ಅತ್ತೆ ಬಂಗುಡೆ ಹುರಿದ ದಿನ ಮಲಗುವ ಕೋಣೆಯ ದಿಂಬಿನ ಕವರಿಗೂ ವಾಸನೆ. ಅಡುಗೆಮನೆ 8 ಅಡಿಗೆ 7 ಅಡಿ, ಎತ್ತರ ಒಂಬತ್ತೂವರೆ. ಸುಮಾರು 15 ಘನ ಮೀಟರ್. ಹುರಿಯುವ, ಒಗ್ಗರಣೆ ಹಾಕುವ ಜಾಗಕ್ಕೆ ಗಂಟೆಗೆ 20 ಸಲ ಗಾಳಿ ಬದಲಾಗಬೇಕು ಅಂತ ಲೆಕ್ಕ ಹಿಡಿದೆ. ಅಲ್ಲಿಗೆ 300 ಘನ ಮೀಟರ್. ಆದರೆ ಪೆಟ್ಟಿಗೆ ಮೇಲೆ ಬರೆದಿರುವ ಅಂಕಿ ಮುಂದೆ ಹಿಂದೆ ಏನೂ ಅಡ್ಡಿ ಇಲ್ಲದಾಗಿನದು. ಶಟರ್, ಜಾಲರಿ, ಎಣ್ಣೆ ಜಿಡ್ಡು ಎಲ್ಲ ಸೇರಿ ಅದನ್ನು ಚೆನ್ನಾಗಿಯೇ ಇಳಿಸುತ್ತವೆ. ಅದಕ್ಕೇ ಗಂಟೆಗೆ 500 ಘನ ಮೀಟರ್ ಆಸುಪಾಸು ಎಳೆಯುವ 8 ಇಂಚಿನ ಫ್ಯಾನ್ ಆರಿಸಿದೆ. ಪಕ್ಕದ ಮನೆಯವರು 12 ಇಂಚಿನದು ಹಾಕಿಸಿಕೊಂಡಿದ್ದಾರೆ. ಆ ಸದ್ದಿಗೆ ಅವರು ಅದನ್ನು ಹಚ್ಚುವುದೇ ಅಪರೂಪ.

ಮೊದಲು ಫ್ಯಾನ್ ತಂದೆ, ಆಮೇಲೆ ಮಿಸ್ತ್ರಿಯನ್ನು ಕರೆದೆ. ಈ ಕ್ರಮ ಮುಖ್ಯ. 8 ಇಂಚು ಅನ್ನುವುದು ರೆಕ್ಕೆ ಸುತ್ತುವ ವೃತ್ತದ ಅಡ್ಡಳತೆ, ಗೋಡೆಯ ತೂತಿನದಲ್ಲ. ನನ್ನ ಫ್ಯಾನಿನ ಚೀಟಿಯಲ್ಲಿ 10 ಇಂಚಿನ ಚೌಕ ಬೇಕು ಅಂತಿತ್ತು. ಕಂಪನಿ ಬದಲಾದರೆ ಅದೂ ಬದಲಾಗುತ್ತದೆ. ಪ್ಲಾಸ್ಟಿಕ್ ಫ್ಯಾನನ್ನು ನೇರ ಇಟ್ಟಿಗೆಗೆ ತಿರುಪು ಹಾಕಿದರೆ ಅಂಚು ಬಿರಿಯುತ್ತದೆ, ಅದಕ್ಕೆ ಮರದ ಚೌಕಟ್ಟು ಬೇಕು. ಮುಕ್ಕಾಲು ಇಂಚಿನ ಹಲಗೆಯ ಚೌಕಟ್ಟು, ಸುತ್ತ ಸಿಮೆಂಟು ತುಂಬಲು ಸ್ವಲ್ಪ ಜಾಗ. ಕೊನೆಗೆ ಗೋಡೆಯಲ್ಲಿ ಕೊಯ್ದದ್ದು 12 ಇಂಚಿನ ಚೌಕ.

ಜಾಗ ಹುಡುಕುವುದೇ ಕಷ್ಟದ ಕೆಲಸ. ಒಲೆಯ ನೆತ್ತಿಗೆ ನೇರ ಹಾಕಿದರೆ ಬಿಸಿಗೆ ಪ್ಲಾಸ್ಟಿಕ್ ಬಾಗುತ್ತದೆ, ಜಿಡ್ಡು ಬಾಣಲೆಗೇ ತೊಟ್ಟಿಕ್ಕುತ್ತದೆ. ಹಾಗಾಗಿ ಒಲೆಯಿಂದ ಒಂದೂವರೆ ಅಡಿ ಪಕ್ಕಕ್ಕೆ ಸರಿಸಿದೆ. ಬಾಗಿಲು ಎದುರಿನ ಮೂಲೆಯಲ್ಲಿದೆ, ಒಳಗೆ ಬಂದ ಗಾಳಿ ಒಲೆಯನ್ನು ಸವರಿಕೊಂಡೇ ಫ್ಯಾನಿಗೆ ಹೋಗುತ್ತದೆ. ಸಿಂಕಿನ ಮೇಲಿನ ಕಿಟಕಿ ಅದೇ ಗೋಡೆಯಲ್ಲಿದೆ, ಫ್ಯಾನ್ ಹಚ್ಚಿದಾಗ ಅದನ್ನು ಮುಚ್ಚುತ್ತೇವೆ. ತೆರೆದಿಟ್ಟರೆ ಬಾತ್‌ರೂಮಿನ ಹಳೆ ಕಥೆಯೇ.

ಎತ್ತರ ಎಷ್ಟು ಜಾಸ್ತಿಯೋ ಅಷ್ಟು ಒಳ್ಳೆಯದು, ಆದರೆ ಮೇಲೆ ಬೀಮ್ ಇರುತ್ತದಲ್ವಾ. ನಮ್ಮ ಗೋಡೆಯಲ್ಲಿ ಬೀಮಿನ ಕೆಳ ಅಂಚು ನೆಲದಿಂದ ಏಳೂವರೆ ಅಡಿಗೆ ಸಿಕ್ಕಿತು. ಮಿಸ್ತ್ರಿ ಮೊದಲು ಸಣ್ಣ ಡ್ರಿಲ್ ಹಾಕಿ ಪುಡಿ ನೋಡಿದರು. ಕೆಂಪು ಪುಡಿ ಬಂದರೆ ಇಟ್ಟಿಗೆ. ಬೂದು ಬಣ್ಣದ್ದು ಬಂದು ಡ್ರಿಲ್ ತಡವರಿಸಿದರೆ ಅದು ಕಾಂಕ್ರೀಟ್, ಅಲ್ಲಿಗೆ ನಿಲ್ಲಿಸಬೇಕು. ಬೀಮಿನಿಂದ 4 ಇಂಚು ಬಿಟ್ಟು ಕೆಳಗೆ ಗುರುತು ಹಾಕಿದೆವು. ಹೊಸ ಟವರುಗಳಲ್ಲಿ ಗೋಡೆ ಪೂರ್ತಿ ಕಾಂಕ್ರೀಟೇ ಇರುವುದುಂಟು. ಅಲ್ಲಿ ಎಂಜಿನಿಯರನ್ನು ಕೇಳದೆ ಕೈ ಹಾಕಬೇಡಿ, ಕಿಟಕಿಯ ಮೇಲಿನ ಗಾಜಿನ ಜಾಗವೇ ಸಾಕು. ಹೊರಗೋಡೆ ಸೊಸೈಟಿಗೆ ಸೇರಿದ್ದು, ಹಾಗಾಗಿ ಮೊದಲೇ ಅರ್ಜಿ ಕೊಟ್ಟು ಒಪ್ಪಿಗೆ ಬರೆಸಿಕೊಂಡಿದ್ದೆ.

ನಾಲ್ಕೂ ಅಂಚನ್ನು ಒಳಗಿನಿಂದ ಗ್ರೈಂಡರಿನಲ್ಲಿ ಕೊಯ್ದು, ಇಟ್ಟಿಗೆಯನ್ನು ಒಳಕ್ಕೇ ಎಳೆದುಕೊಂಡರು. ಹೊರಕ್ಕೆ ತಳ್ಳಿದರೆ ಕೆಳಗೆ ಓಡಾಡುವವರ ತಲೆ ಮೇಲೆ. ತೂತಿನ ತಳವನ್ನು ಹೊರಕ್ಕೆ ತುಸು ಇಳಿಜಾರು ಮಾಡಿಸಿದೆ. ನೈಋತ್ಯದ ಮಳೆ ಹೊಡೆದಾಗ ಒಳಬಂದ ನೀರು ಅದೇ ದಾರಿಯಲ್ಲಿ ವಾಪಸು ಹೋಗಬೇಕು. ಒಳಮೈಗೆ ಫ್ಯಾನ್, ಹೊರಮೈಗೆ ಅಲ್ಯೂಮಿನಿಯಂ ಶಟರ್. ಅದರ ಪಟ್ಟಿಗಳು ಹೊರಕ್ಕೆ ಏಳಬೇಕು, ಫ್ಯಾನ್ ನಿಂತರೆ ತಮ್ಮ ಭಾರಕ್ಕೆ ತಾವೇ ಬೀಳಬೇಕು. ಪಾರಿವಾಳಕ್ಕೆ ಅರ್ಧ ಇಂಚು ಕಣ್ಣಿನ ಜಾಲರಿ ಹಾಕಿದೆ, ಶಟರಿನ ಒಳಬದಿಗೆ. ಹೊರಬದಿಗೆ ಹಾಕಿದರೆ ಪಟ್ಟಿಗಳು ಏಳದಂತೆ ಅದೇ ತಡೆಯುತ್ತದೆ. ಸೊಳ್ಳೆಯದು ಹಾಕಿದರೆ ಜಿಡ್ಡಿಗೆ ಬೇಗ ಮುಚ್ಚಿಕೊಳ್ಳುತ್ತದೆ.

ಕೆಲಸ ಸರಿಯಾಗಿದೆಯೋ ಅಂತ ತಿಳಿಯಲು ಶಟರೇ ಅಳತೆಗೋಲು. ಫ್ಯಾನ್ ಹಚ್ಚಿದಾಗ ಪಟ್ಟಿಗಳು ಹೆಚ್ಚು ಕಡಿಮೆ ಅಡ್ಡಕ್ಕೆ ನಿಲ್ಲಬೇಕು. ಅರ್ಧಕ್ಕೇ ನಿಂತು ನಡುಗುತ್ತಿದ್ದರೆ ಅಡುಗೆಮನೆಯ ಬಾಗಿಲು ತೆರೆದು ನೋಡಿ. ಆಗ ಪೂರ್ತಿ ಎದ್ದರೆ ಒಳಕ್ಕೆ ಗಾಳಿ ಸಾಲುತ್ತಿರಲಿಲ್ಲ ಅಂತ ಅರ್ಥ. ಆಗಲೂ ಏಳದಿದ್ದರೆ ರೆಕ್ಕೆಗೋ ಪಟ್ಟಿಗಳಿಗೋ ಜಿಡ್ಡು ಹಿಡಿದಿದೆ. ಗಾಳಿ ಮಳೆ ಜೋರಿದ್ದ ದಿನ ಮಾತ್ರ ಈ ಪರೀಕ್ಷೆ ಬೇಡ, ಹೊರಗಿನ ಗಾಳಿಯೇ ಪಟ್ಟಿಗಳನ್ನು ಅದುಮಿ ಹಿಡಿಯುತ್ತದೆ.

ನಮ್ಮಲ್ಲಿ ಕೆಳಗಿನ ಪಟ್ಟಿ ಮೊದಲು ಅಂಟುತ್ತದೆ. ಫ್ಯಾನ್ ಆರಿಸಿದ ಮೇಲೂ ಅದು ಬೀಳದೆ ನಿಂತರೆ ಪ್ಲಗ್ ಕಿತ್ತು, ಫ್ಯಾನ್ ಬಿಚ್ಚಿ, ರೆಕ್ಕೆ ಮತ್ತು ಪಟ್ಟಿಗಳನ್ನು ಪಾತ್ರೆ ತೊಳೆಯುವ ಸೋಪು ಹಾಕಿದ ಬಿಸಿನೀರಿನಲ್ಲಿ ಒರೆಸುತ್ತೇನೆ. ಮೋಟಾರಿಗೆ ಒಣಬಟ್ಟೆ ಮಾತ್ರ.